ಸಹಾಯ ಬೇಕು: ಒಂದೇ ಸ್ಟಿಕ್ಕಿ ನೋಟ್ ಎರಡು ಗುಂಪಿಗೆ ಸೇರಿದರೆ ಏನು ಮಾಡೋದು?

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೇಸಿಗೆ ನೀರಿನ ಬಗ್ಗೆ ಮೀಟಿಂಗ್ ಆಯಿತು. ವೈಟ್‌ಬೋರ್ಡ್ ತುಂಬ ಅಂಟಿಸಿದ ಸ್ಟಿಕ್ಕಿ ನೋಟ್‌ಗಳ ಫೋಟೋ ನೋಡಿ, ಒಂದು ನೋಟಿಗೆ ಒಂದು ಸಾಲಿನಂತೆ ಎಕ್ಸೆಲ್‌ಗೆ ಹಾಕಿದ್ದೇನೆ. ಬಣ್ಣದ ಪ್ರಕಾರ ಗುಂಪು ಮಾಡಲು ಹೋದರೆ, ಎಲ್ಲರೂ ಕೈಗೆ ಸಿಕ್ಕ ಬಣ್ಣದಲ್ಲಿ ಸುಮ್ನೆ ಬರೆದಿದ್ದಾರೆ. ಹಾಗಾಗಿ ವಿಷಯ ನೋಡಿ ಟ್ಯಾಂಕರ್, ಸೋರಿಕೆ, ಮಳೆನೀರು ಅಂತ ವಿಂಗಡಿಸಿದೆ.

ಸಿಕ್ಕಿಕೊಂಡಿರೋದು ಇಲ್ಲಿ. ಒಂದು ನೋಟಿನಲ್ಲಿ 'ಟ್ಯಾಂಕರ್ ಖರ್ಚು ಜಾಸ್ತಿ, ಮೊದಲು ಸಂಪ್ ಸೋರೋದು ನಿಲ್ಲಿಸಿ' ಅಂತಿದೆ. ಎರಡು ಸಾಲು ಮಾಡಿದರೆ ಯಾಕೆ ಹೇಳಿದರು ಅನ್ನೋದು ಹೋಗುತ್ತದೆ, ಒಂದೇ ಇಟ್ಟರೆ ಟ್ಯಾಂಕರ್ ನೋಡಿಕೊಳ್ಳುವವರು 'ಪ್ಲಂಬರ್ ಕರೆಸೋದು ನನ್ನ ಕೆಲಸ ಅಲ್ಲ' ಅಂತಾರೆ. ಮೂಲೆಯಲ್ಲಿ ಬರೆದವರ ಹೆಸರಿದೆ, ಆದರೆ ಬರೆದವರೇ ಮಾಡಬೇಕು ಅಂತೇನೂ ಇಲ್ಲ ಅಲ್ವಾ?

ಇಂಥ ನೋಟನ್ನು ಒಡೆಯಬೇಕಾ, ಇಲ್ಲ ಮುಂದಿನ ಕೆಲಸ ಯಾವ ಗುಂಪಿನದೋ ಅಲ್ಲಿಗೇ ಇಡಿಯಾಗಿ ಹಾಕಿ, ಆ ಗುಂಪಿನವರ ಒಬ್ಬರ ಹೆಸರು ಬರೆದರೆ ಸಾಕಾ?