ಸಾಲ ತೀರಿದರೂ ಪಹಣಿಯ 11ನೇ ಕಾಲಂನಲ್ಲಿ ಹಾಗೇ ಇದೆ

ಕೇಳಿದವರು (ಸವಣೂರು ಕಡೆ): ಅಪ್ಪನ ಪಹಣಿಯ ಸ್ಕ್ರೀನ್‌ಶಾಟ್ ತಮ್ಮ ಕಳಿಸಿದ್ದಾನೆ. ಸರ್ವೆ ನಂಬರ್ 45/*/2, ವಿಸ್ತೀರ್ಣ 3-20, ಖರಾಬು 0-05. ಮಾಲೀಕರ ಕಾಲಂನಲ್ಲಿ ಅಪ್ಪ, ದೊಡ್ಡಪ್ಪ ಇಬ್ಬರ ಹೆಸರೂ ಇದೆ. 11ರಲ್ಲಿ 1,20,000 ರೂಪಾಯಿ ಬ್ಯಾಂಕ್ ಸಾಲ ಅಂತಿದೆ. ಅದನ್ನು ಕಟ್ಟಿ ಎರಡು ವರ್ಷ ಆಯ್ತು. ಬೆಳೆ ಗೋವಿನಜೋಳ ಅಂತ ಬಂದಿದೆ, ನಾವು ಹಾಕಿದ್ದು ಹತ್ತಿ. ಬೇರೆ ಬ್ಯಾಂಕಿನಲ್ಲಿ ಬೆಳೆ ಸಾಲ ಕೇಳಬೇಕು. ಯಾವುದನ್ನು ಮೊದಲು ಸರಿ ಮಾಡಿಸಲಿ?

ಹಾನಗಲ್ ರೈತ: ಹೊಲ 3.2 ಎಕರೆ ಅಲ್ವಾ, ಸಣ್ಣದೇನಲ್ಲ. ಬ್ಯಾಂಕಿನಿಂದ ನೋ ಡ್ಯೂ ಪತ್ರ ತಗೊಂಡು ಗ್ರಾಮ ಲೆಕ್ಕಿಗರ ಕೈಗೆ ಕೊಡಿ, ತೆಗೆದುಬಿಡುತ್ತಾರೆ. ನಮ್ಮಪ್ಪನ ಕಾಲದಲ್ಲಿ ಹಾಗೇ ಆಗಿತ್ತು.

ತಾಲ್ಲೂಕು ಕಚೇರಿ ಎದುರು ಆನ್‌ಲೈನ್ ಅಂಗಡಿ ಇಟ್ಟವರು: ಅಣ್ಣಾ, 3-20 ಅಂದರೆ 3 ಎಕರೆ 20 ಗುಂಟೆ. ಎಕರೆಗೆ 40 ಗುಂಟೆ, ಹಾಗಾಗಿ ಮೂರೂವರೆ ಎಕರೆ. ಅದರಲ್ಲಿ 5 ಗುಂಟೆ ಖರಾಬು ಕಳೆದರೆ ಉಳುವ ಹೊಲ 3-15. ಬ್ಯಾಂಕಿನವರು ನೋಡೋದು ಈ 3-15ನ್ನೇ. ಅಪ್ಪ, ದೊಡ್ಡಪ್ಪನ ಹೆಸರ ಮುಂದೆ ಬೇರೆ ಬೇರೆ ವಿಸ್ತೀರ್ಣ ಇಲ್ಲದಿದ್ದರೆ ಖಾತೆ ಜಂಟಿ ಅಂತ ತಿಳಿಯಿರಿ. ಆಗ ಹೊಸ ಬ್ಯಾಂಕ್ ದೊಡ್ಡಪ್ಪನ ಸಹಿಯನ್ನೂ ಕೇಳಬಹುದು.

ಇನ್ನು ಸಾಲದ ಮಾತು. ನೋ ಡ್ಯೂ ಪತ್ರ ನಿಮ್ಮ ಕೈಗೆ ಬಂದರೆ ಪಹಣಿ ತಾನಾಗಿ ಬದಲಾಗುವುದಿಲ್ಲ. ಸಾಲ ಕೊಟ್ಟಾಗ ಬ್ಯಾಂಕ್ ಜಮೀನಿನ ಮೇಲೆ ಋಣ ದಾಖಲಿಸಿದೆ. ತೀರಿದಾಗ ಅದನ್ನು ಬಿಡುಗಡೆ ಮಾಡುವುದೂ ಬ್ಯಾಂಕಿನ ಕೆಲಸ. ಅದು ಸಬ್ ರಿಜಿಸ್ಟ್ರಾರ್ ಕಚೇರಿಯ ದಾಖಲೆಗೆ ಹೋಗಬೇಕು, ಅಲ್ಲಿಂದ ಭೂಮಿ ತಂತ್ರಾಂಶಕ್ಕೆ ಬರಬೇಕು. ಆಮೇಲೆ ಪಹಣಿ ಬದಲಾಗುತ್ತದೆ. ಎಲ್ಲಿ ನಿಂತಿದೆ ಅಂತ ತಿಳಿಯೋಕೆ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ ತೆಗೆಸಿ. ಸಾಲ ಪಡೆದ ವರ್ಷದಿಂದ ಇವತ್ತಿನವರೆಗೆ ಕೇಳಿ. ಇಸಿಯಲ್ಲಿ ಸಾಲದ ಕೆಳಗೆ ಬಿಡುಗಡೆ ಕಂಡರೆ ಬ್ಯಾಂಕಿನ ಪಾಲು ಮುಗಿದಿದೆ, ತಡ ತಾಲ್ಲೂಕಿನ ಭೂಮಿ ಕೇಂದ್ರದ್ದು. ಸಾಲ ಇದ್ದು ಬಿಡುಗಡೆ ಇಲ್ಲ ಅಂದರೆ ತಾಲ್ಲೂಕಿಗೆ ಅಲೆಯಬೇಡಿ, ಸೀದಾ ಬ್ಯಾಂಕಿಗೆ ಹೋಗಿ. ಸುಮ್ನೆ ಎರಡೂ ಕಡೆ ಓಡಾಡಿ ತಿಂಗಳು ಕಳೆದವರನ್ನು ಜಾಸ್ತಿ ನೋಡಿದ್ದೇನೆ.

ಇನ್ನೊಂದು, ತಮ್ಮ ಕಳಿಸಿದ ಚಿತ್ರ ಈ ವರ್ಷದ್ದೇ? ಭೂಮಿ ಜಾಲತಾಣದಲ್ಲಿ Current Year, Old Year ಅಂತ ಎರಡು ಇವೆ. Old Year ತೆರೆದಿದ್ದರೆ ತೀರಿದ ಸಾಲ ಅಲ್ಲಿ ಇದ್ದೇ ಇರುತ್ತದೆ.

ಬ್ಯಾಡಗಿಯ ಅಕ್ಕ: ನಮ್ಮದೂ ಜಂಟಿ ಖಾತೆ. ಹಿಸ್ಸಾ ಬೇರೆ ಮಾಡಿಸೋಕೆ ಪೋಡಿಗೆ ಅರ್ಜಿ ಹಾಕಿ ಕೂತಿದ್ದೇವೆ, ಇನ್ನೂ ಅಳತೆಗೆ ಬಂದಿಲ್ಲ. ನೀವು ಮೊದಲು ಪೋಡಿ ಮಾಡಿಸಿ.

ಅಂಗಡಿಯವರು: ಅಕ್ಕಾ, ಅದು ಬೇರೆ ದಾರಿ. ಇವರಿಗೆ ಈ ಹಂಗಾಮಿನ ಸಾಲ ಬೇಕು, ಪೋಡಿ ಅಂತ ಕಾದರೆ ಬಿತ್ತನೆ ಮುಗಿದೇ ಹೋಗುತ್ತದೆ.

ಶಿಗ್ಗಾಂವಿ ಕಡೆಯವರು: ಹತ್ತಿ ವಿಷಯ ಬಿಟ್ಟುಬಿಡಬೇಡಿ. ನಮ್ಮ ಹೊಲದಲ್ಲಿ ಸೋಯಾ ಇತ್ತು, ಸಮೀಕ್ಷೆಯಲ್ಲಿ ಮೆಕ್ಕೆಜೋಳ ಆಗಿತ್ತು. ಮಳೆ ಹಾನಿಯ ಪರಿಹಾರ ಬರುವಾಗ ಅದೇ ತೊಂದರೆ ಆಯ್ತು. ಬೆಳೆ ದರ್ಶಕ್ ಆಪ್‌ನಲ್ಲಿ ನಿಮ್ಮ ಸರ್ವೆ ನಂಬರ್ ಹಾಕಿದರೆ ಸಮೀಕ್ಷೆಯವರು ತೆಗೆದ ಫೋಟೊ ಕಾಣುತ್ತದೆ. ಫೋಟೊ ಬೇರೆ ಹೊಲದ್ದು ಅನ್ನಿಸಿದರೆ ಅಲ್ಲೇ ಆಕ್ಷೇಪಣೆ ಹಾಕಿ. ಅದಕ್ಕೆ ಗಡುವು ಇರುತ್ತದೆ. ನಾನು ನೋಡುವಷ್ಟರಲ್ಲಿ ಮುಗಿದಿತ್ತು. ಬೆಳೆ ಇನ್ನೂ ಹೊಲದಲ್ಲಿ ನಿಂತಿರುವಾಗಲೇ ನೋಡಿಕೊಳ್ಳಿ.

ಕೇಳಿದವರು: ಸರ್, ಚಿತ್ರ Current Year ಆಗಿತ್ತು. ಇಸಿ ತೆಗೆಸಿದೆ. ಸಾಲ ಇದೆ, ಬಿಡುಗಡೆ ಇಲ್ಲ. ಬ್ಯಾಂಕಿನಲ್ಲಿ ಆಗಿನ ಮ್ಯಾನೇಜರ್ ಬದಲಾಗಿದ್ದಾರೆ. ಹೊಸಬರು ನೋ ಡ್ಯೂ ಪತ್ರದ ನಕಲು ಕೇಳಿದರು. ಅಪ್ಪನ ಟ್ರಂಕ್ ತೆಗೆದು ಹುಡುಕುತ್ತಿದ್ದೇನೆ.

ಅಂಗಡಿಯವರು: ಸಿಗದಿದ್ದರೆ ಪಾಸ್‌ಬುಕ್‌ನಲ್ಲಿ ಸಾಲದ ಖಾತೆ ಮುಚ್ಚಿದ ಪುಟ ಇದೆಯಾ ನೋಡಿ. ಅವರದೇ ಖಾತೆ, ಅವರದೇ ದಾಖಲೆ. ಬರವಣಿಗೆಯಲ್ಲಿ ಅರ್ಜಿ ಕೊಟ್ಟು ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ.

ಹಾನಗಲ್ ರೈತ: ಗ್ರಾಮ ಲೆಕ್ಕಿಗರ ಹತ್ತಿರ ಒಮ್ಮೆ ಕೇಳಿದರೆ ಏನು ಹೋಗುತ್ತೆ? ಕೆಲವು ಹಳೇ ಸಾಲ ಹಾಗೇ ಹೋಗಿವೆ, ನಾನು ಕಣ್ಣಾರೆ ನೋಡಿದ್ದೇನೆ.

ಅಂಗಡಿಯವರು: ಕೈಬರಹದ ಪಹಣಿ ಇದ್ದ ಕಾಲದ ಮಾತಿರಬೇಕು. ಇವರ ಸಾಲ ಇಸಿಯಲ್ಲೇ ಕೂತಿದೆ ಅಣ್ಣಾ.