‘ಪರ್ಸನ್ ಸ್ಪೆಸಿಫಿಕೇಶನ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಬ್ರಿಟನ್ನಿನ ಒಂದು ವಿಶ್ವವಿದ್ಯಾಲಯದಲ್ಲಿ ‘ಲೆಕ್ಚರರ್ ಇನ್ ಇಂಡಿಯನ್ ರಿಲಿಜನ್ಸ್’ ಹುದ್ದೆ ಖಾಲಿ ಇದೆ. ನಮ್ಮ ಎಂ.ಎ. ಮಕ್ಕಳಿಗೆ ಅದನ್ನು ಕನ್ನಡದಲ್ಲಿ ವಿವರಿಸಬೇಕು. ಜಾಹೀರಾತಿನ ಜೊತೆ ‘ಪರ್ಸನ್ ಸ್ಪೆಸಿಫಿಕೇಶನ್’ ಅಂತ ಒಂದು ಪಟ್ಟಿ ಬೇರೆ ಇದೆ, ಅದರಲ್ಲಿ ‘ಎಸೆನ್ಷಿಯಲ್’, ‘ಡಿಸೈರಬಲ್’ ಅಂತ ಎರಡು ಕಾಲಂ. ನಾನು ‘ಅರ್ಹತೆಗಳು: ಅಗತ್ಯ, ಅಪೇಕ್ಷಿತ’ ಎಂದು ಬರೆದೆ. ಸರಿಯಾ?

— ಅಪೇಕ್ಷಿತ ಬೇಡ ಮೇಡಂ. ಅದನ್ನು ಓದಿದವರು ‘ಇದನ್ನೂ ನಿರೀಕ್ಷಿಸುತ್ತಾರೆ, ನನ್ನ ಹತ್ತಿರ ಇಲ್ಲ’ ಅಂತ ಅರ್ಜಿಯನ್ನೇ ಹಾಕುವುದಿಲ್ಲ. ನಾನು ಅಲ್ಲಿ ಆಯ್ಕೆ ಸಮಿತಿಯಲ್ಲಿ ಕೂತಿದ್ದೇನೆ. ಪಟ್ಟಿಯ ಒಂದೊಂದು ಸಾಲನ್ನೂ ಅರ್ಜಿಯ ಜೊತೆ ಇಟ್ಟು ನೋಡುತ್ತೇವೆ. ಮೊದಲ ಕಾಲಂನದು ಒಂದು ಇಲ್ಲದಿದ್ದರೂ ಸಾಮಾನ್ಯವಾಗಿ ಸಂದರ್ಶನಕ್ಕೆ ಕರೆಯುವುದಿಲ್ಲ. ಎರಡನೆಯ ಕಾಲಂ ಕೆಲಸಕ್ಕೆ ಬರುವುದು ಮೊದಲನೆಯದನ್ನು ದಾಟಿದವರು ಜಾಸ್ತಿ ಇದ್ದಾಗ. ಹಾಗಾಗಿ ‘ಇರಲೇಬೇಕಾದ್ದು’, ‘ಇದ್ದರೆ ಒಳ್ಳೆಯದು’ ಅಂತ ಬರೆದುಬಿಡಿ. ‘ಅರ್ಹತೆ’ ಅಂದರೂ ನಮ್ಮವರು ಬರೀ ಡಿಗ್ರಿ, ನೆಟ್ ಅಂದುಕೊಳ್ಳುತ್ತಾರೆ. ಅಲ್ಲಿ ಪಾಠ ಮಾಡಿದ ಅನುಭವ, ಪ್ರಕಟವಾದ ಬರಹ, ಮೂಲಗ್ರಂಥ ಓದುವಷ್ಟು ಭಾಷೆ ಎಲ್ಲವೂ ಬರುತ್ತವೆ, ಒಂದೊಂದಕ್ಕೂ ಅರ್ಜಿಯಲ್ಲಿ ಉದಾಹರಣೆ ಕೊಡಬೇಕು. ‘ನನಗೆ ಹಳಗನ್ನಡ ಬರುತ್ತದೆ’ ಅಂದರೆ ಸಾಲದು. ಯಾವ ಶಾಸನ ಅಥವಾ ಜೈನ ಪುರಾಣ ಓದಿದಿರಿ, ಅದರಿಂದ ಏನು ಬರೆದಿರಿ ಅಂತ ಹೇಳಬೇಕು.

— ‘ಉಪನ್ಯಾಸಕ’ ಅಂತ ಹಾಕಬೇಡಿ. ನಮ್ಮಲ್ಲಿ ಈಗ ಅದು ಪಿಯು ಕಾಲೇಜಿನವರು. ಯುಜಿಸಿ 2010ರ ನಿಯಮಗಳಿಂದೀಚೆಗೆ ಡಿಗ್ರಿ ಕಾಲೇಜಿನವರು ‘ಸಹಾಯಕ ಪ್ರಾಧ್ಯಾಪಕರು’. ಅಲ್ಲಿನ ಲೆಕ್ಚರರ್ ಹೆಚ್ಚುಕಮ್ಮಿ ಅದೇ.

— ಇನ್ನೊಂದು. ‘ಧರ್ಮ’ ಅನ್ನಬಾರದು, ಅದು ಕರ್ತವ್ಯ, ನೀತಿ. ರಿಲಿಜನ್ನಿಗೆ ‘ಮತ’ ಅನ್ನಿ.

— ಹಳೆಯ ಅರ್ಥ ಹಾಗೆ ಸರ್, ಒಪ್ಪಿದೆ. ಆದರೆ ಜನಗಣತಿಯಲ್ಲಿ ‘ಧರ್ಮ’ ಅಂತಲೇ ಕೇಳುತ್ತಾರಲ್ವಾ? ‘ಭಾರತೀಯ ಮತಗಳ ಅಧ್ಯಯನ’ ಅಂದರೆ ಚುನಾವಣೆ ವಿಶ್ಲೇಷಣೆ ಅಂದುಕೊಳ್ಳುವವರೂ ಇದ್ದಾರೆ! ನನಗೆ ಇದಕ್ಕಿಂತ ದೊಡ್ಡ ತೊಡಕು ‘ಭಾರತೀಯ’ದಲ್ಲಿ. ಇಲ್ಲಿ ಹುಟ್ಟಿದ ಹಿಂದೂ, ಬೌದ್ಧ, ಜೈನ, ಸಿಖ್ ಮಾತ್ರವಾ, ಬಂದೇ ನವಾಜರ ದರ್ಗಾದ ಮೇಲೆ ಪಿಎಚ್.ಡಿ. ಮಾಡಿದವಳೂ ಅರ್ಜಿ ಹಾಕಬಹುದಾ?

— ನಾನು ಒಂಬತ್ತು ವರ್ಷದಿಂದ ಅತಿಥಿ ಉಪನ್ಯಾಸಕ. ಮಠದಲ್ಲಿ ಪ್ರವಚನವನ್ನೂ ಮಾಡುತ್ತೇನೆ. ಇದಕ್ಕೆ ಆಗುತ್ತಾ?

— ಸರ್, ಇಲ್ಲಿ ಪದದ ಚರ್ಚೆ ನಡೀತಿದೆ. ಆದರೂ ಹೇಳ್ತೀನಿ. ಪಾಠದ ಅನುಭವ ಲೆಕ್ಕಕ್ಕೆ ಬರುತ್ತದೆ, ಪ್ರವಚನ ಬರುವುದಿಲ್ಲ. ಧರ್ಮವನ್ನು ಬೋಧಿಸುವುದು ಬೇರೆ, ಧರ್ಮದ ಬಗ್ಗೆ ಪಾಠ ಹೇಳುವುದು ಬೇರೆ. ಅದಕ್ಕೇ ‘ಧಾರ್ಮಿಕ ಅಧ್ಯಯನ’ ಅಂತಲೂ ಬರೆಯಬೇಡಿ ಮೇಡಂ, ಪಾರಾಯಣ ಅಂದುಕೊಳ್ಳುತ್ತಾರೆ.

— ‘ಧರ್ಮಗಳ ಅಧ್ಯಯನ’ ಅಂತ ತಿದ್ದಿದೆ, ಎರಡು ಕಾಲಂಗಳ ಹೆಸರನ್ನೂ. ದರ್ಗಾದ ಪ್ರಶ್ನೆಯನ್ನು ಆ ವಿಭಾಗಕ್ಕೇ ಬರೆದು ಕೇಳುತ್ತೇನೆ. ಪಟ್ಟಿಯ ಹೆಸರು ಮಾತ್ರ ಇನ್ನೂ ಸಿಕ್ಕಿಲ್ಲ. ‘ಎಂಥವರು ಬೇಕು’ ಅಂದರೆ ತೀರಾ ಹಗುರಾಯ್ತಾ?