ತಿಂಗಳ ಪ್ರಗತಿ ವರದಿಯಲ್ಲಿ ಮುಗಿಯುವ ದಿನಾಂಕವನ್ನು ಹೇಗೆ ಬರೆಯುತ್ತೀರಿ?

ಕೇಳಿದವರು: ಹಾಸ್ಟೆಲ್ ಕಟ್ಟಡ, ಗುತ್ತಿಗೆ ಮೊತ್ತ 6 ಕೋಟಿ, ಅವಧಿ 12 ತಿಂಗಳು. ಆರು ತಿಂಗಳಿಗೆ 3 ಕೋಟಿಯ ಕೆಲಸ ಆಗಬೇಕಿತ್ತು, 2.4 ಕೋಟಿಯ ಬಿಲ್ ಆಗಿದೆ. ಕೆಲಸ ಯಾವಾಗ ಮುಗಿಯುತ್ತದೆ, ಮುಂದೆ ಎಷ್ಟು ಹಣ ಬೇಕು ಎಂಬುದನ್ನು ಮಾಲೀಕರಿಗೆ ಹೇಗೆ ತೋರಿಸಲಿ?

ಬಿಲ್ಲಿಂಗ್ ಎಂಜಿನಿಯರ್: 2.4 ಅನ್ನು 3ರಿಂದ ಭಾಗಿಸಿದರೆ 0.8 ಬರುತ್ತದೆ, 12 ತಿಂಗಳನ್ನು ಅದರಿಂದ ಭಾಗಿಸಿದರೆ 15 ತಿಂಗಳು. ನಾವು ಇಷ್ಟನ್ನೇ ಬರೆಯುತ್ತೇವೆ.

ಪ್ಲಾನಿಂಗ್ ವಿಭಾಗದ ಹಿರಿಯರು: ಆ ಲೆಕ್ಕ ಆರಂಭದಲ್ಲಿ ನಡೆಯುತ್ತದೆಯಾದರೂ ಕೊನೆಯಲ್ಲಿ ಕೈಕೊಡುತ್ತದೆ. ಎಷ್ಟೇ ತಡವಾಗಿ ಮುಗಿದರೂ ಆಗಬೇಕಾದ ಕೆಲಸವೂ ಆದ ಕೆಲಸವೂ 6 ಕೋಟಿಯೇ ಆಗುವುದರಿಂದ ಭಾಗಲಬ್ಧ ತಾನಾಗಿಯೇ 1ಕ್ಕೆ ಬಂದು ನಿಲ್ಲುತ್ತದೆ. ಅದಕ್ಕೂ ಮೊದಲು, ಆ 2.4 ಕೋಟಿಯಲ್ಲಿ ಸೈಟಿನಲ್ಲಿ ಬಿದ್ದಿರುವ ಕಬ್ಬಿಣಕ್ಕೆ ಕೊಟ್ಟ ಮುಂಗಡ ಸೇರಿದೆಯೇ ಎಂದು ನೋಡಿ.

ಕೇಳಿದವರು: ಹೌದು, 30 ಲಕ್ಷ ಸೇರಿದೆ.

ಪ್ಲಾನಿಂಗ್ ವಿಭಾಗದ ಹಿರಿಯರು: ಹಾಗಾದರೆ ಆಗಿರುವ ಕೆಲಸ 2.1 ಕೋಟಿ ಮಾತ್ರ. ನಿಮ್ಮ ಮೂಲ ವೇಳಾಪಟ್ಟಿಯಲ್ಲಿ 2.1 ಕೋಟಿಯ ಕೆಲಸ ಯಾವಾಗ ಮುಗಿಯಬೇಕಿತ್ತೋ ಹುಡುಕಿ. ನಾಲ್ಕೂವರೆ ತಿಂಗಳಿಗೆ ಎಂದಿಟ್ಟುಕೊಂಡರೆ ನೀವು ಒಂದೂವರೆ ತಿಂಗಳು ಹಿಂದಿದ್ದೀರಿ. ಉಳಿದದ್ದು ಯೋಜನೆಯಂತೆ ನಡೆದರೆ ಹದಿಮೂರೂವರೆ ತಿಂಗಳಿಗೆ, ಇದೇ ವೇಗದಲ್ಲಿ, ಅಂದರೆ ನಾಲ್ಕೂವರೆ ತಿಂಗಳ ಕೆಲಸಕ್ಕೆ ಆರು ತಿಂಗಳು ಹಿಡಿಯುತ್ತಾ ನಡೆದರೆ 16 ತಿಂಗಳಿಗೆ ಮುಗಿಯುತ್ತದೆ. ವರದಿಯಲ್ಲಿ ಎರಡನ್ನೂ ಬರೆದು, ಬಾಕಿ ಸ್ಲ್ಯಾಬ್‌ಗಳು ಮತ್ತು ಲಿಫ್ಟ್‌ನ ಆರ್ಡರ್ ಯಾವ ಸ್ಥಿತಿಯಲ್ಲಿವೆ ಎಂಬುದನ್ನು ನೋಡಿ ಯಾವುದರ ಕಡೆಗೆ ವಾಲುತ್ತೀರಿ ಎಂದು ತಿಳಿಸಿ. ಲಿಫ್ಟ್‌ಗೆ ಇನ್ನೂ ಆರ್ಡರ್ ಕೊಟ್ಟಿಲ್ಲವಾದರೆ ಹಣದ ಲೆಕ್ಕ ಏನೇ ಹೇಳಲಿ, ಕಟ್ಟಡ ಅದಕ್ಕಾಗಿ ಕಾಯುತ್ತದೆ.

ಹಣದ ಪಟ್ಟಿಯನ್ನು ಕೆಲಸ ಆಗುವ ತಿಂಗಳಿಗಲ್ಲ, ಮಾಲೀಕರು ಚೆಕ್ ಬರೆಯುವ ತಿಂಗಳಿಗೆ ಹಾಕಿ. ಮುಂದಿನ ತಿಂಗಳು 60 ಲಕ್ಷದ ಕೆಲಸವಾದರೆ, ಶೇ. 5ರ ಠೇವಣಿ ಕಡಿತ 3 ಲಕ್ಷ, ಆರಂಭದಲ್ಲಿ ಕೊಟ್ಟ ಮುಂಗಡದ ಶೇ. 10ರ ವಸೂಲಿ 6 ಲಕ್ಷ ಕಳೆದು, ತೆರಿಗೆ ಬಿಟ್ಟು, 51 ಲಕ್ಷ ಬೇಕಾಗುತ್ತದೆ. ಬಿಲ್ ಪಾಸಾಗಲು ಸಮಯ ಹಿಡಿಯುವುದರಿಂದ ಅದು ಅದರ ಮುಂದಿನ ತಿಂಗಳಿನ ಖರ್ಚು. ಆ ಕಬ್ಬಿಣ ಸ್ಲ್ಯಾಬಿಗೆ ಹೋದಂತೆಲ್ಲ 30 ಲಕ್ಷವನ್ನೂ ಮುರಿದುಕೊಳ್ಳಬೇಕು.

ಮನೆ ಕಟ್ಟಿಸುತ್ತಿರುವವರು: ನಮ್ಮ ಬ್ಯಾಂಕ್ ಹಂತ ಮುಗಿದ ಮೇಲೆಯೇ ಸಾಲದ ಕಂತು ಬಿಡುಗಡೆ ಮಾಡುತ್ತದೆ. ಮೇಸ್ತ್ರಿ ನಮಗೆ ಇಂತಹ ಪಟ್ಟಿಯನ್ನೇ ಕೊಡುವುದಿಲ್ಲ. ಛಾವಣಿಯ ಕಾಂಕ್ರೀಟ್ ಹಾಕುವ ಹಿಂದಿನ ದಿನ ಹಣ ಕೇಳುತ್ತಾರೆ. ನಾನೇ ಇದನ್ನು ತಯಾರಿಸಬೇಕೇ?

ಗುತ್ತಿಗೆದಾರರು: ತಡವಾದ ದಿನಾಂಕವನ್ನು ನಾವೇ ಬರೆದುಕೊಟ್ಟರೆ ದಂಡ ಹಾಕಲು ಅದೇ ಸಾಕ್ಷಿಯಾಗುವುದಿಲ್ಲವೇ? ನಮ್ಮಲ್ಲಿ ವಾಸ್ತುಶಿಲ್ಪಿಯ ಡ್ರಾಯಿಂಗ್ ಬಂದದ್ದೇ ತಡ.

ಪ್ಲಾನಿಂಗ್ ವಿಭಾಗದ ಹಿರಿಯರು: ಡ್ರಾಯಿಂಗ್ ಕೇಳಿದ ಮತ್ತು ಬಂದ ದಿನಾಂಕಗಳನ್ನು ಅದೇ ಪುಟದಲ್ಲಿ ಬರೆಯಿರಿ, ಅವಧಿ ವಿಸ್ತರಣೆಯ ಪತ್ರವನ್ನು ಒಪ್ಪಂದ ಹೇಳಿದ ಗಡುವಿನೊಳಗೆ ಪ್ರತ್ಯೇಕವಾಗಿ ಕೊಡಿ.

ಗುತ್ತಿಗೆದಾರರು: ಪತ್ರ ಕೊಟ್ಟಿದ್ದೇವೆ, ಉತ್ತರ ಬಂದಿಲ್ಲ. ಅಲ್ಲಿಯವರೆಗೆ ಹಳೆಯ ದಿನಾಂಕವನ್ನೇ ಬರೆಯುವುದು ಕ್ಷೇಮವೆಂದು ನನಗನಿಸುತ್ತದೆ.